ಕಾಲುವೆಗೆ ಬಿದ್ದ ಫೋನು: ಫೋಟೋ ಬೇಕಾದರೆ ಮೊದಲ ರಾತ್ರಿ ಏನು ಮಾಡಬೇಕು?

ಪ್ರಶ್ನೆ: ಒಂದು ಗಂಟೆ ಹಿಂದೆ ಕಾರಟಗಿ ಹತ್ತಿರ ಕಾಲುವೆಯಲ್ಲಿ ಫೋನು ಬಿತ್ತು. ತೆಗೆಯುವಷ್ಟರಲ್ಲಿ ಎರಡು ನಿಮಿಷ ಆಗಿತ್ತು. ಸ್ಕ್ರೀನ್ ಮಿಣುಕಿ ಆಫ್ ಆಯಿತು. ಈಗ ಅಕ್ಕಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಫೋನು ಹೋದರೆ ಹೋಗಲಿ, ಮಗಳ ಫೋಟೋ ಬೇಕು. ಬೆಳಿಗ್ಗೆ ಚಾರ್ಜಿಗೆ ಹಾಕಿ ನೋಡಲಾ?

ಉತ್ತರ:

ಬೇಡ. ಬೆಳಿಗ್ಗೆಯೂ ಬೇಡ, ನಾಡಿದ್ದೂ ಬೇಡ. ಪವರ್ ಬಟನ್ ಕೂಡ ಮುಟ್ಟಬೇಡಿ. ಅಕ್ಕಿಯಿಂದ ಈಗಲೇ ಹೊರಗೆ ತೆಗೆಯಿರಿ.

ನಾನು ಗಂಗಾವತಿಯಲ್ಲಿ ಮೊಬೈಲ್ ರಿಪೇರಿ ಮಾಡುತ್ತೇನೆ. ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಸಾಕು, ಇಂಥ ಫೋನುಗಳು ಬರಲು ಶುರು. ಬಂದವರು ಮೊದಲು ಕೇಳುವುದು "ಅಣ್ಣಾ, ಫೋನ್ ಆನ್ ಆಗ್ತದೇನು ನೋಡ್ರಿ" ಅಂತ. ನೀವು ಹಾಗೆ ಕೇಳಲಿಲ್ಲ, ಫೋಟೋ ಬೇಕು ಅಂದಿರಿ. ಇವೆರಡೂ ಬೇರೆ ಬೇರೆ ಕೆಲಸ. ಫೋನು ಉಳಿಯಬೇಕು ಅಂದರೆ ಅದು ವರ್ಷಗಟ್ಟಲೆ ನಡೆಯಬೇಕು. ಫೋಟೋ ಸಿಗಬೇಕು ಅಂದರೆ ಫೋನಿನ ಒಳಗಿನ ಬೋರ್ಡು ಒಂದೇ ಸಲ, ಒಂದು ಗಂಟೆ ಎದ್ದು ಕೂತರೂ ಸಾಕು. ಆ ಒಂದು ಸಲವನ್ನು ಮನೆಯಲ್ಲಿ "ಸುಮ್ನೆ ನೋಡೋಣ" ಅಂತ ಖರ್ಚು ಮಾಡಿಬಿಡಬಾರದು.

ನೀರು ತಾನಾಗಿ ಬೋರ್ಡನ್ನು ಅಷ್ಟು ಬೇಗ ಕೊಲ್ಲುವುದಿಲ್ಲ. ನೀರು ಮತ್ತು ಕರೆಂಟು ಸೇರಿದಾಗ ಕೊಲ್ಲುತ್ತದೆ. ನಮ್ಮ ಕಾಲುವೆ ನೀರಿನಲ್ಲಿ ಮಣ್ಣಿದೆ, ಉಪ್ಪಿನಂಶ ಇದೆ, ಗದ್ದೆಗೆ ಹಾಕಿದ ಗೊಬ್ಬರದ ಅಂಶವೂ ಇರುತ್ತದೆ. ಇಂಥ ನೀರಿನಲ್ಲಿ ಕರೆಂಟು ಚೆನ್ನಾಗಿ ಹರಿಯುತ್ತದೆ. ಫೋನಿನ ಬ್ಯಾಟರಿ 4 ವೋಲ್ಟ್ ಆಸುಪಾಸು ಇರುತ್ತದೆ. ಕೂದಲೆಳೆಯಷ್ಟು ದೂರದಲ್ಲಿರುವ ಎರಡು ಪಿನ್ನುಗಳ ಮಧ್ಯೆ ಈ ನೀರು ನಿಂತರೆ ಒಂದು ಪಿನ್ನಿನ ತಾಮ್ರ ಕರಗಿ ಹೋಗುತ್ತದೆ. ಅಲ್ಲಿ ಹಸಿರು ಪಾಚಿಯಂಥದ್ದು ಕೂರುತ್ತದೆ. ಕಷ್ಟ ಏನೆಂದರೆ, ಆಫ್ ಮಾಡಿದ ಫೋನಿನಲ್ಲೂ ಬ್ಯಾಟರಿಯಿಂದ ಬೋರ್ಡಿಗೆ ಬರುವ ಲೈನು ಜೀವಂತ ಇರುತ್ತದೆ. ಪವರ್ ಬಟನ್ ಒತ್ತಿದ್ದು ಅದಕ್ಕೆ ಗೊತ್ತಾಗಬೇಕಲ್ವಾ? ಚಾರ್ಜರ್ ಹಾಕಿದರೆ ಇನ್ನೂ 5 ವೋಲ್ಟ್, ಫಾಸ್ಟ್ ಚಾರ್ಜರ್ ಆದರೆ 9 ವೋಲ್ಟ್ ವರೆಗೂ, ಒದ್ದೆ ಪೋರ್ಟಿನ ಮೂಲಕ ನೀವೇ ಕೊಟ್ಟಂತಾಗುತ್ತದೆ.

ಅಕ್ಕಿ ಯಾಕೆ ಬೇಡ? ಬೋರ್ಡಿನ ಚಿಪ್ಪುಗಳ ಮೇಲೆ ತಗಡಿನ ಮುಚ್ಚಳ ಇರುತ್ತದೆ, ನೀರು ನಿಲ್ಲುವುದು ಅದರ ಕೆಳಗೆ. ಹೊರಗಿಟ್ಟ ಅಕ್ಕಿ ಅದನ್ನು ಹೇಗೆ ಎಳೆಯುತ್ತದೆ? ಪೋರ್ಟಿನೊಳಗೆ ನುಚ್ಚು, ಹಿಟ್ಟು ಹೋಗುವುದು ಮಾತ್ರ ಲಾಭ. ಅಕ್ಕಿ ಚೀಲದಲ್ಲಿ ಇಡಬೇಡಿ ಅಂತ ಆಪಲ್ ಕಂಪನಿಯೇ ತನ್ನ ಸಹಾಯ ಪುಟದಲ್ಲಿ ಬರೆದಿದೆ. ಅದಕ್ಕಿಂತ ದೊಡ್ಡ ನಷ್ಟ, ಒಂದು ದಿನ ಸುಮ್ಮನೆ ಹೋಗುತ್ತದೆ. ನಮ್ಮ ಕಡೆ ಇನ್ನೊಂದು ರೂಢಿ ಇದೆ, ಮಾಳಿಗೆ ಮೇಲೆ ಬಿಸಿಲಿಗೆ ಇಡುವುದು. ಬಳ್ಳಾರಿ, ರಾಯಚೂರು ಬಿಸಿಲು ಮೆಣಸಿನಕಾಯಿಗೆ ಸರಿ, ಲಿಥಿಯಂ ಬ್ಯಾಟರಿಗೆ ಅಲ್ಲ. ಹೇರ್ ಡ್ರೈಯರ್ ಕೂಡ ಬೇಡ, ನೀರನ್ನು ಇನ್ನೂ ಒಳಗೆ ತಳ್ಳುತ್ತದೆ.

ಈಗ ಈ ರಾತ್ರಿ ಮಾಡಬೇಕಾದ್ದು ಹೇಳುತ್ತೇನೆ. ಮೊದಲು ಬೇರೆ ಫೋನಿನಿಂದ ನಿಮ್ಮ ನಂಬರಿಗೆ ಒಂದು ಕಾಲ್ ಮಾಡಿ. ಬಿದ್ದ ಫೋನು ಸದ್ದು ಮಾಡಿದರೆ ಅಥವಾ ನಡುಗಿದರೆ ಸತ್ತಿರುವುದು ಸ್ಕ್ರೀನ್ ಮಾತ್ರ, ಬೋರ್ಡು ಇನ್ನೂ ಓಡುತ್ತಿದೆ. ಆಗ ಬೆಳಿಗ್ಗೆವರೆಗೂ ಕಾಯಬೇಡಿ. ಪರಿಚಯದ ರಿಪೇರಿಯವರಿದ್ದರೆ ಅವರ ಮನೆ ಬಾಗಿಲು ಬಡಿದಾದರೂ ಬ್ಯಾಟರಿ ಕನೆಕ್ಟರ್ ಬಿಡಿಸಿಸಿ. ಅದು ಹಿಂದಿನ ಕವರ್ ತೆಗೆದರೆ ಹತ್ತು ನಿಮಿಷದ ಕೆಲಸ. ಸದ್ದು ಇಲ್ಲದಿದ್ದರೆ ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ಬಾಗಿಲಲ್ಲಿ ಇರಿ. ನೀವೇ ಕವರ್ ಕೀಳಲು ಹೋಗಬೇಡಿ. ಅಂಟು ಬಿಡಿಸಲು ಹಂಚಿನ ಮೇಲಿಟ್ಟು, ಚಾಕು ಹಾಕಿ ಬ್ಯಾಟರಿ ಚುಚ್ಚಿ ಹೊಗೆ ಎಬ್ಬಿಸಿದವರನ್ನು ನೋಡಿದ್ದೇನೆ. ಕೈಯಿಂದ ಬ್ಯಾಟರಿ ತೆಗೆಯುವ ಹಳೆ ಮಾಡೆಲ್ ಆದರೆ ಮಾತ್ರ ಈಗಲೇ ತೆಗೆಯಿರಿ.

ಸಿಮ್ ಟ್ರೇ ಹೊರಗೆ ಎಳೆಯಿರಿ. ಅದರಲ್ಲಿ ಮೆಮೊರಿ ಕಾರ್ಡ್ ಇದ್ದರೆ ನಿಮ್ಮ ಅದೃಷ್ಟ. ಬಟ್ಟೆಯಲ್ಲಿ ಒರೆಸಿ, ಫ್ಯಾನ್ ಕೆಳಗೆ ಚೆನ್ನಾಗಿ ಒಣಗಿಸಿ, ಕಾರ್ಡ್ ರೀಡರಿನಲ್ಲಿ ಹಾಕಿ ನೋಡಿ. ಕ್ಯಾಮೆರಾ ಫೋಟೋ ಕಾರ್ಡಿಗೆ ಹೋಗುವಂತೆ ಇಟ್ಟಿದ್ದರೆ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಆಮೇಲೆ ಸಿಮ್ ಒರೆಸಿ ಮನೆಯ ಇನ್ನೊಂದು ಫೋನಿಗೆ ಹಾಕಿ. ಬ್ರೌಸರಿನಲ್ಲಿ `photos.google.com` ತೆರೆದು ನಿಮ್ಮ ಜಿಮೇಲಿನಿಂದ ಒಳಗೆ ಹೋಗಿ. "ನಿಮ್ಮ ಫೋನಿನಲ್ಲಿ ಹೌದು ಒತ್ತಿ" ಅಂತ ಅದು ಸತ್ತ ಫೋನನ್ನೇ ಕೇಳಬಹುದು. ಆಗ `Try another way` ಒತ್ತಿ ಎಸ್ಸೆಮ್ಮೆಸ್ ಆಯ್ಕೆ ಸಿಗುತ್ತದಾ ನೋಡಿ, ಸಿಮ್ ಈಗ ಈ ಫೋನಿನಲ್ಲಿ ಇದೆಯಲ್ಲ. ಬ್ಯಾಕಪ್ ತಾನಾಗಿ ಆಗುತ್ತಿತ್ತು ಅಂತ ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ. ಕೊನೆಯ ಫೋಟೋ ಯಾವ ತಾರೀಕಿನದ್ದು ಅಂತ ನೋಡಿಕೊಳ್ಳಿ, ಅದರ ನಂತರದ್ದು ಮಾತ್ರ ಫೋನಿನೊಳಗೆ ಸಿಕ್ಕಿಹಾಕಿಕೊಂಡಿದೆ.

ವಾಟ್ಸಾಪ್ ವಿಷಯದಲ್ಲಿ ಮಾತ್ರ ನಿಧಾನ. ಹೊಸ ಫೋನಿನಲ್ಲಿ ಅದನ್ನು ಹಾಕುವಾಗ ಹಳೆ ಬ್ಯಾಕಪ್ ಬೇಕಾ ಅಂತ ಕೇಳುತ್ತದೆ. ಅದೇ ಜಿಮೇಲ್ ಇರಬೇಕು, `Restore` ಒತ್ತಬೇಕು. ಅವಸರದಲ್ಲಿ ಬಿಟ್ಟು ಮುಂದೆ ಹೋದರೆ, ಹೊಸ ಖಾಲಿ ಚಾಟಿನ ಬ್ಯಾಕಪ್ ಹಳೆಯದರ ಮೇಲೆ ಕೂತುಬಿಡುತ್ತದೆ. ನೀರಿನಿಂದ ಹೋಗದೆ ಇದ್ದದ್ದು ಹೀಗೆ ಹೋಗಿದೆ.

ಇನ್ನು ಒಂದು ಕೇಸು. ಕಳೆದ ಸುಗ್ಗಿಯಲ್ಲಿ ಭತ್ತ ಕೊಯ್ಯುವ ಮಷೀನ್ ಓಡಿಸುವ ಹುಡುಗನೊಬ್ಬ ಬಂದ. ಯಾರ ಗದ್ದೆಯಲ್ಲಿ ಎಷ್ಟು ತಾಸು ಮಷೀನ್ ಓಡಿತು ಅನ್ನುವ ಚೀಟಿಗಳ ಫೋಟೋ ಎಲ್ಲ ಫೋನಿನಲ್ಲೇ. ಇಪ್ಪತ್ತು ದಿನದ ಲೆಕ್ಕ, ಬ್ಯಾಕಪ್ ಇಲ್ಲ. ಸಂಜೆ ಕಾಲುವೆಯಲ್ಲಿ ಕೈ ತೊಳೆಯುವಾಗ ಅಂಗಿ ಜೇಬಿನಿಂದ ಜಾರಿತ್ತು. ರಾತ್ರಿ ಹತ್ತಕ್ಕೆ ಅಕ್ಕಿಯಿಂದ ತೆಗೆದು ಆನ್ ಮಾಡಿದ್ದಾನೆ, ಆನ್ ಆಗಿದೆ! ಐದು ನಿಮಿಷ ಎಲ್ಲ ಸರಿ. ಖುಷಿಯಲ್ಲಿ ಚಾರ್ಜಿಗೆ ಹಾಕಿದ್ದಾನೆ. ಕೆಳಗಡೆ ಕೈ ಸುಡುವಷ್ಟು ಬಿಸಿಯಾಗಿ ಬಂದ್ ಆಗಿದೆ. ಆ ಐದು ನಿಮಿಷದಲ್ಲಿ ಕೇಬಲ್ ಇಲ್ಲದೆ ಚೀಟಿಗಳನ್ನು ಯಾರಿಗಾದರೂ ಕಳಿಸಿಬಿಟ್ಟಿದ್ದರೆ ನನ್ನ ಹತ್ತಿರ ಬರಬೇಕಾಗಿರಲಿಲ್ಲ.

ಬೆಳಿಗ್ಗೆ ತೆರೆದು ನೋಡಿದೆ. ಬ್ಯಾಟರಿ ಕನೆಕ್ಟರಿನ ಒಂದು ಬದಿ ಆಗಲೇ ಹಸಿರು. ತಗಡು ಎತ್ತಿದರೆ ಕೆಳಗೆ ಕಾಲುವೆಯ ಕೆಂಪು ಮಣ್ಣು, ತೆಳುವಾಗಿ ಬಳಿದ ಹಾಗೆ. ಬ್ಯಾಟರಿ ಬಿಡಿಸಿ ಬೋರ್ಡನ್ನು ಡಿಸಿ ಸಪ್ಲೈಗೆ ಕೊಟ್ಟೆ, 4 ವೋಲ್ಟ್. ಬ್ಯಾಟರಿ ಬದಲು ಬೇಕಾದಷ್ಟೇ ವೋಲ್ಟೇಜ್ ಕೊಟ್ಟು, ಬೋರ್ಡು ಎಷ್ಟು ಕರೆಂಟು ಎಳೆಯುತ್ತಿದೆ ಅಂತ ಮೀಟರಿನಲ್ಲಿ ತೋರಿಸುವ ಪೆಟ್ಟಿಗೆ ಅದು. ಬಟನ್ ಒತ್ತುವ ಮೊದಲು ಮೀಟರು ಸೊನ್ನೆ ತೋರಿಸಬೇಕು. ಇದು 0.6 ಆಂಪಿಯರ್ ತೋರಿಸಿತು. ಅಂದರೆ ಎಲ್ಲೋ ಶಾರ್ಟ್. ತಕ್ಷಣ ಕರೆಂಟು ತೆಗೆದೆ.

ಬೋರ್ಡನ್ನು ಮೊದಲು ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದೆ, ಮಣ್ಣು ಹೋಗಲಿ ಅಂತ. ಆಮೇಲೆ 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಮೆತ್ತನೆ ಬ್ರಷ್ಷಿನಲ್ಲಿ ಉಜ್ಜಿದೆ. ನಮ್ಮಲ್ಲಿ ಐಪಿಎ ಅಂತೀವಿ. ಅದು ನೀರನ್ನು ತನ್ನ ಜೊತೆ ಸೇರಿಸಿಕೊಂಡು ಆವಿಯಾಗುತ್ತದೆ. ಪೂರ್ತಿ ಒಣಗಿದ ಮೇಲೆ ಮತ್ತೆ ಕೊಟ್ಟೆ, ಈಗಲೂ ಶಾರ್ಟ್. ವೋಲ್ಟೇಜ್ ಒಂದಕ್ಕೆ ಇಳಿಸಿ, ಬೋರ್ಡಿನ ಮೇಲೆ ಐಪಿಎ ತೆಳುವಾಗಿ ಸವರಿ ಲೆನ್ಸಿನಲ್ಲಿ ನೋಡುತ್ತಾ ಕೂತೆ. ಎಲ್ಲ ಕಡೆ ಹೊಳೆಯುತ್ತಿದ್ದ ಒದ್ದೆ, ಚಾರ್ಜಿಂಗ್ ಐಸಿ ಪಕ್ಕದ ಎಳ್ಳಿಗಿಂತ ಚಿಕ್ಕ ಕೆಪ್ಯಾಸಿಟರಿನ ಮೇಲೆ ಮಾತ್ರ ಪಟಕ್ಕನೆ ಆರಿತು. ಅಲ್ಲೇ ಬಿಸಿ, ಅಲ್ಲೇ ಶಾರ್ಟ್. ಅಂಥವು ಆ ಲೈನಿನಲ್ಲಿ ಇನ್ನೂ ಹಲವು ಇದ್ದವು. ಒಂದನ್ನು ಕಿತ್ತರೆ ಫೋನು ಏಳುತ್ತದೆ. ಕಿತ್ತೆ.

ಈ ಸಲ ಸೊನ್ನೆ. ಬಟನ್ ಲೈನನ್ನು ಗ್ರೌಂಡಿಗೆ ಮುಟ್ಟಿಸಿದಾಗ ಮುಳ್ಳು 0.1, 0.3 ಅಂತ ಕುಣಿಯಲು ಶುರುವಾಯಿತು. ಹಾಗೆ ಕುಣಿದರೆ ಬೂಟ್ ಆಗುತ್ತಿದೆ ಅಂತ ಅರ್ಥ. ಅವನ ಸ್ಕ್ರೀನ್ ಸತ್ತಿತ್ತು, ಅದೇ ಮಾಡೆಲಿನ ಬೇರೆ ಸ್ಕ್ರೀನ್ ಜೋಡಿಸಿದೆ. ಚಾರ್ಜಿಂಗ್ ಪೋರ್ಟಿನ ಚಿಕ್ಕ ಬೋರ್ಡೂ ಸುಟ್ಟಿತ್ತು, ಬೇರೆ ಹಾಕಿದೆ. ಇಲ್ಲದಿದ್ದರೆ ಕೇಬಲ್ ಹಿಡಿಯುವುದೇ ಇಲ್ಲ. ಬೇರೆ ಬ್ಯಾಟರಿ ಕೊಟ್ಟೆ. ಪಿನ್ ಒತ್ತು ಅಂದೆ. ಒತ್ತಿದ. ನಾನು ಮೊದಲು ಮಾಡಿದ್ದು ಕ್ಯಾಮೆರಾ ಫೋಟೋ ಇರುವ `DCIM` ಫೋಲ್ಡರನ್ನು ಕಂಪ್ಯೂಟರಿಗೆ ಎಳೆದದ್ದು, ಆಮೇಲೆ `Android/media/com.whatsapp/WhatsApp/Media`. ಚಹಾ ಕುಡಿಯಲೂ ಎದ್ದು ಹೋಗಲಿಲ್ಲ. ಆ ಫೋನು ಹನ್ನೊಂದು ದಿನ ನಡೆದು ಮತ್ತೆ ಸತ್ತಿತು, ಅದಕ್ಕೆ ಇಬ್ಬರಿಗೂ ಬೇಜಾರಾಗಲಿಲ್ಲ.

"ಬೋರ್ಡು ಸತ್ತರೆ ಮೆಮೊರಿ ಚಿಪ್ ಕಿತ್ತು ಓದ್ರಿ" ಅಂತ ಕೆಲವರು ಹೇಳುತ್ತಾರೆ. ಹಳೆ ಫೋನುಗಳಲ್ಲಿ ಅದು ಆಗುತ್ತಿತ್ತು. 2019ರಲ್ಲಿ ಬಂದ ಆಂಡ್ರಾಯ್ಡ್ 10ರಿಂದ ಹೊಸ ಫೋನುಗಳಿಗೆಲ್ಲ ಡೇಟಾಗೆ ಬೀಗ ಕಡ್ಡಾಯ. ಅದರ ಕೀಲಿ ಅದೇ ಬೋರ್ಡಿನ ಪ್ರೊಸೆಸರಿನ ಒಳಗಿದೆ, ನಿಮ್ಮ ಪಿನ್ ಕೂಡ ಅದಕ್ಕೆ ಬೇಕು. ಚಿಪ್ ಮಾತ್ರ ಕಿತ್ತರೆ ಸಿಗುವುದು ಅರ್ಥವಿಲ್ಲದ ಅಕ್ಷರ. ಐಫೋನಿನಲ್ಲೂ ಅದೇ ಕಥೆ. ಹಾಗಾಗಿ ಪ್ರೊಸೆಸರಿನ ಕೆಳಗಿನ ಕಾಲುಗಳೇ ಕೊಳೆತಿದ್ದರೆ ನನ್ನಂಥವರ ಕೈಯಲ್ಲಿ ಆಗುವುದಿಲ್ಲ, ಡೇಟಾ ರಿಕವರಿ ಲ್ಯಾಬಿಗೇ ಹೋಗಬೇಕು, ಅಲ್ಲೂ ಗ್ಯಾರಂಟಿ ಇಲ್ಲ. ಬೂಟ್ ಆದ ಮೇಲೆ ಮೊದಲ ಸಲಕ್ಕೆ ಬೆರಳಚ್ಚು ನಡೆಯುವುದಿಲ್ಲ, ಪಿನ್ ಅಥವಾ ಪ್ಯಾಟರ್ನ್ ಬೇಕೇ ಬೇಕು. ಅದನ್ನು ಈಗಲೇ ನೆನಪು ಮಾಡಿ ಬರೆದಿಟ್ಟುಕೊಳ್ಳಿ.

ಬೆಳಿಗ್ಗೆ ಅಂಗಡಿಯಲ್ಲಿ ಫೋನು ಕೊಡುವ ಮೊದಲು ಒಂದು ಮಾತು ಕೇಳಿ: "ತೊಳೆಯಕ ಏನು ಹಾಕ್ತೀರಿ, ಡಿಸಿ ಸಪ್ಲೈ ಐತೇನು?" ಉತ್ತರ ಬರುವ ಮೊದಲೇ ಆತ ಚಾರ್ಜರ್ ಕೈಗೆ ತಗೊಂಡರೆ ಫೋನು ವಾಪಸ್ ಇಸ್ಕೊಂಡು ಮುಂದಿನ ಅಂಗಡಿಗೆ ನಡೆಯಿರಿ. ಆತ ಸರಿ ಅನಿಸಿದರೆ ಹೀಗೆ ಹೇಳಿ: "ಅಣ್ಣಾ, ಫೋನ್ ರೆಡಿ ಆಗೋದು ಬ್ಯಾಡ, ಫೋಟೋ ಬೇಕು. ರೀಸೆಟ್, ಸಾಫ್ಟ್‌ವೇರ್ ಏನೂ ಹೊಡೀಬ್ಯಾಡ್ರಿ. ಆನ್ ಆದ ಕೂಡಲೇ ನನಗ ಕರೀರಿ, ಪಿನ್ ನಾನೇ ಒತ್ತುತೀನಿ." ರೀಸೆಟ್ ಆದರೆ ಆ ಕೀಲಿಯೇ ಅಳಿಸಿಹೋಗುತ್ತದೆ, ಬೋರ್ಡು ಎಷ್ಟು ಚೆನ್ನಾಗಿದ್ದರೂ ಫೋಟೋ ಬರುವುದಿಲ್ಲ. ಬರುವಾಗ ಖಾಲಿ ಪೆನ್‌ಡ್ರೈವ್ ಒಂದು ಜೇಬಿನಲ್ಲಿ ಇರಲಿ.