ಸೂಚ್ಯಂಕ 338ರಿಂದ 118ಕ್ಕೆ ಇಳಿದರೆ ಬೆಲೆಯೂ ಇಳಿಯಿತೇ?

ಪ್ರಶ್ನೆ: ನಮ್ಮ ಕಾರ್ಖಾನೆಯಲ್ಲಿ ಡಿಎ ಲೆಕ್ಕ ಹಾಕುವುದು ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕದ ಮೇಲೆ. ಹಳೇ ಕಾಗದ ತೆಗೆದು ನೋಡಿದರೆ 2020ರ ಆಗಸ್ಟ್‌ನಲ್ಲಿ 338 ಇದೆ, ಸೆಪ್ಟೆಂಬರ್‌ನಲ್ಲಿ 118.1. ಆ ತಿಂಗಳು ಯಾವ ಬೆಲೆಯೂ ಇಳಿದ ಹಾಗೆ ಇರಲಿಲ್ಲ. ಇದೇನು ಲೆಕ್ಕ? ಒಂದು ಪಾಯಿಂಟ್ ಏರಿದರೆ ಶೇ 1 ಏರಿದ ಹಾಗೆಯೇ?

ಉತ್ತರ: ಬೆಲೆ ಇಳಿದಿಲ್ಲ, ನೂರು ಎಂದು ಹಿಡಿದ ವರ್ಷ ಬದಲಾಗಿದೆ. ಆಗಸ್ಟ್‌ವರೆಗೆ ಕೇಂದ್ರದ ಲೇಬರ್ ಬ್ಯೂರೊ 2001ನ್ನು 100 ಎಂದು ಇಟ್ಟುಕೊಂಡಿತ್ತು. ಸೆಪ್ಟೆಂಬರ್‌ನಿಂದ 2016 ಮೂಲ ವರ್ಷವಾಯಿತು. 2001ರಲ್ಲಿ 100 ರೂಪಾಯಿಗೆ ಸಿಗುತ್ತಿದ್ದ ಸಾಮಾನಿಗೆ 2020ರ ಆಗಸ್ಟ್‌ನಲ್ಲಿ 338 ಬೇಕಿತ್ತು ಎನ್ನುವುದು ಮೊದಲಿನ ಅಂಕಿ. 2016ರಲ್ಲಿ 100 ಇದ್ದದ್ದು ಸೆಪ್ಟೆಂಬರ್‌ನಲ್ಲಿ 118.1 ಆಗಿತ್ತು ಎನ್ನುವುದು ಎರಡನೆಯದು. ಎರಡನ್ನೂ ಹಾಗೇ ಅಕ್ಕಪಕ್ಕ ಇಟ್ಟು ಹೋಲಿಸುವಂತಿಲ್ಲ.

ಹೋಲಿಸಬೇಕಾದರೆ ಲಿಂಕಿಂಗ್ ಫ್ಯಾಕ್ಟರ್ ಬೇಕು. ಅಖಿಲ ಭಾರತ ಸಾಮಾನ್ಯ ಸೂಚ್ಯಂಕಕ್ಕೆ ಅದು 2.88. ಹೊಸ ಅಂಕಿಯನ್ನು ಅದರಿಂದ ಗುಣಿಸಿದರೆ 118.1 × 2.88 = 340.1. ಅಂದರೆ ನೀವು ಕೇಳಿದ ಆ ತಿಂಗಳು ಸೂಚ್ಯಂಕ 338ರಿಂದ ಸುಮಾರು 340ಕ್ಕೆ ಏರಿದೆ.

ಈ 2.88 ಅಖಿಲ ಭಾರತ ಸಾಮಾನ್ಯ ಸೂಚ್ಯಂಕಕ್ಕೆ ಮಾತ್ರ. ಬೆಂಗಳೂರಿನ ಸೂಚ್ಯಂಕಕ್ಕೆ ಅದರದ್ದೇ ಫ್ಯಾಕ್ಟರ್ ಇದೆ. ಮೂಲ ವರ್ಷ ಬದಲಾದಾಗ ಲೆಕ್ಕಕ್ಕೆ ಹಿಡಿಯುವ ಸಾಮಾನುಗಳ ಬುಟ್ಟಿಯೂ ಬದಲಾಗುತ್ತದೆ. 2001ರ ಸರಣಿಯಲ್ಲಿ ಆಹಾರದ ತೂಕ ನೂರಕ್ಕೆ 46.2 ಇತ್ತು, 2016ರದ್ದರಲ್ಲಿ 39.17. ಕಾರ್ಮಿಕರ ಮನೆಯ ಒಟ್ಟು ಖರ್ಚಿನಲ್ಲಿ ಊಟದ ಪಾಲು ಕಡಿಮೆಯಾಗಿದೆ ಎಂದು ಇದರರ್ಥ. ಕಡಿಮೆ ತಿನ್ನುತ್ತಿದ್ದಾರೆ ಎಂದಲ್ಲ.

ತೂಕದಿಂದ ಏನಾಗುತ್ತದೆ ನೋಡಿ. ಆಹಾರ ಶೇ 10 ತುಟ್ಟಿಯಾಯಿತು, ಉಳಿದದ್ದೆಲ್ಲ ಶೇ 2 ಎಂದುಕೊಳ್ಳಿ. ಆಹಾರದ ತೂಕ 40, ಉಳಿದದ್ದರದ್ದು 60 ಇದ್ದರೆ 110ರಲ್ಲಿ ಶೇ 40, ಅಂದರೆ 44. 102ರಲ್ಲಿ ಶೇ 60, ಅಂದರೆ 61.2, ಒಟ್ಟು 105.2. ಆಹಾರದ ತೂಕ 46 ಇದ್ದಿದ್ದರೆ ಅದೇ ಬೆಲೆಗೆ ಸುಮಾರು 105.7 ಬರುತ್ತಿತ್ತು. ತರಕಾರಿ ದುಬಾರಿಯಾದ ತಿಂಗಳು ಸೂಚ್ಯಂಕ ಅಷ್ಟೇನೂ ಏರಲಿಲ್ಲ ಎಂಬ ದೂರು ಬರುವುದು ಇಲ್ಲಿಂದಲೇ. ಸಂಬಳದ ಮುಕ್ಕಾಲು ಪಾಲು ದಿನಸಿಗೇ ಹೋಗುವ ಮನೆಗೆ ಆ ದೂರು ನ್ಯಾಯವಾದದ್ದೇ. ಸೂಚ್ಯಂಕ ಸರಾಸರಿ ಕಾರ್ಮಿಕ ಕುಟುಂಬದ್ದು, ನಿಮ್ಮ ಮನೆಯದಲ್ಲ.

ಇನ್ನು ಪಾಯಿಂಟ್ ಮತ್ತು ಶೇಕಡ. 2022ರ ಡಿಸೆಂಬರ್‌ನಲ್ಲಿ ಸೂಚ್ಯಂಕ 132.3, 2023ರ ಡಿಸೆಂಬರ್‌ನಲ್ಲಿ 138.8. ವ್ಯತ್ಯಾಸ 6.5 ಪಾಯಿಂಟ್. ಅದನ್ನು ಹಿಂದಿನ ಅಂಕಿಯಿಂದ, ಅಂದರೆ 132.3ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇ 4.91. ಸೂಚ್ಯಂಕ ಸರಿಯಾಗಿ 100ರಲ್ಲಿದ್ದಾಗ ಮಾತ್ರ ಒಂದು ಪಾಯಿಂಟ್ ಎಂದರೆ ಶೇ 1. ಅಲ್ಲಿಂದ ಮೇಲೆ ಹೋದಷ್ಟೂ ಒಂದು ಪಾಯಿಂಟಿನ ಬೆಲೆ ಕುಗ್ಗುತ್ತದೆ.

ಇದೇ ಏರಿಕೆಯನ್ನು ಹಳೇ ಸರಣಿಗೆ ತಂದರೆ 381ರಿಂದ 399.7ಕ್ಕೆ, ಅಂದರೆ 18.7 ಪಾಯಿಂಟ್. ಶೇಕಡ ಮಾತ್ರ ಅದೇ 4.91. ಮೂಲ ವರ್ಷ ಯಾವುದಾದರೂ ಶೇಕಡ ಕದಲುವುದಿಲ್ಲ, ಪಾಯಿಂಟ್ ಮಾತ್ರ ಹಿಗ್ಗುತ್ತದೆ, ಕುಗ್ಗುತ್ತದೆ.

ಕಾರ್ಖಾನೆಯವರಿಗೆ ನಿಜವಾದ ಪೆಟ್ಟು ಬೀಳುವುದು ಇಲ್ಲೇ. ವೇತನ ಒಪ್ಪಂದದಲ್ಲಿ ಪಾಯಿಂಟಿಗೆ 2 ರೂಪಾಯಿ ಎಂದಿದೆ ಎಂದುಕೊಳ್ಳಿ. ಮೇಲಿನ ಏರಿಕೆಗೆ 2016ರ ಸರಣಿಯಲ್ಲಿ ಸಿಗುವುದು 13 ರೂಪಾಯಿ, 2001ರದ್ದರಲ್ಲಿ 37 ರೂಪಾಯಿ 44 ಪೈಸೆ. 1960ರ ಸರಣಿಯನ್ನೇ ಇಟ್ಟುಕೊಂಡಿರುವ ಹಳೆಯ ಒಪ್ಪಂದಗಳೂ ಇವೆ. ಅಲ್ಲಿಗೆ ಹೋಗಲು ಮೂರು ಫ್ಯಾಕ್ಟರ್‌ಗಳನ್ನು ಒಂದರ ಮೇಲೊಂದು ಗುಣಿಸಬೇಕು:

```
2016 → 2001 : 2.88
2001 → 1982 : 4.63
1982 → 1960 : 4.93
2.88 × 4.63 × 4.93 = 65.74
```

6.5 ಪಾಯಿಂಟ್ ಅಲ್ಲಿ ಸುಮಾರು 427 ಆಗುತ್ತದೆ, ಡಿಎ 850 ರೂಪಾಯಿ ದಾಟುತ್ತದೆ. ಒಂದೇ ಬೆಲೆಯೇರಿಕೆಗೆ ಮೂರು ಥರದ ಮೊತ್ತ. ಹಾಗಾಗಿ ಒಪ್ಪಂದದ ಪ್ರತಿ ತೆಗೆದು, ಪಾಯಿಂಟ್ ಎಂಬ ಮಾತಿನ ಜೊತೆ ಯಾವ ವರ್ಷ = 100 ಎಂದು ಬರೆದಿದೆಯೋ ನೋಡಿ. ಸೂಚ್ಯಂಕ ಅಖಿಲ ಭಾರತದ್ದೋ ನಿಮ್ಮ ಊರಿನದ್ದೋ ಎಂಬುದನ್ನೂ ನೋಡಿ. 2020ರ ಸೆಪ್ಟೆಂಬರ್ ದಾಟಿದ ಬಿಲ್ಲುಗಳಲ್ಲಿ ಹೊಸ ಅಂಕಿಯನ್ನು ಗುಣಿಸದೆ ಹಾಕಿದ್ದರೆ ಡಿಎ ಒಮ್ಮೆಲೇ ಕುಸಿದಿರುತ್ತದೆ ಅಥವಾ ನಿಂತಲ್ಲೇ ನಿಂತಿರುತ್ತದೆ.

ಇನ್ನೊಂದು ಮಾತು, ಇದನ್ನೂ ಬಹಳ ಜನ ತಪ್ಪು ಓದುತ್ತಾರೆ. ಒಂದು ಊರಿನ ಸೂಚ್ಯಂಕ 145, ಇನ್ನೊಂದರದ್ದು 135 ಇದ್ದರೆ ಮೊದಲಿನದು ದುಬಾರಿ ಊರು ಎಂದಾಗುವುದಿಲ್ಲ. ಪ್ರತಿ ಊರಿಗೂ 2016ರ ಅದರದ್ದೇ ಬೆಲೆ 100. ಅಲ್ಲಿಂದ ಯಾವ ಊರು ಎಷ್ಟು ಬೇಗ ತುಟ್ಟಿಯಾಯಿತು ಎಂಬುದಷ್ಟೇ ಈ ಅಂಕಿಗಳಲ್ಲಿ ಇರುವುದು. ಎಲ್ಲಿ ಬದುಕುವುದು ಅಗ್ಗ ಎಂದು ತಿಳಿಯಬೇಕಾದರೆ ಎರಡೂ ಊರಿನ ಬಾಡಿಗೆ, ಅಕ್ಕಿ, ಹಾಲಿನ ದರವನ್ನೇ ಹೋಲಿಸಬೇಕು.