ನವೆಂಬರ್ ಇನ್ನೂ ಕಷ್ಟ, ಮೇಡಂ

(ಗುರುತು ಸಿಗಬಾರದೆಂದು ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಅವರನ್ನು ಸುಮನಾ ಎಂದು ಕರೆಯೋಣ. ವಯಸ್ಸು 34, ಚಾರ್ಟರ್ಡ್ ಅಕೌಂಟೆಂಟ್. ಬೆಂಗಳೂರಿನ ಒಂದು ಆಡಿಟ್ ಸಂಸ್ಥೆಯಲ್ಲಿ ಮ್ಯಾನೇಜರ್. ಸಂಬಳ ವರ್ಷಕ್ಕೆ 30 ಲಕ್ಷ ದಾಟಿದೆ. ಅಕ್ಟೋಬರ್ ಮಧ್ಯದಲ್ಲಿ ಆಪ್ತ ಸಲಹೆಗೆಂದು ನನ್ನ ಹತ್ತಿರ ಬಂದಾಗ ರಾಜೀನಾಮೆ ಪತ್ರ ಬರೆದು ಫೋನಿನಲ್ಲಿ ಇಟ್ಟುಕೊಂಡಿದ್ದರು. ಕೆಲಸ ಬಿಟ್ಟು ಸಿರಿಧಾನ್ಯದ ತಿಂಡಿ ಅಂಗಡಿ ಹಾಕುವ ಯೋಚನೆ. "ಎಲ್ಲರೂ ಬರ್ನ್‌ಔಟ್ ಅಂತಾರೆ. ರಜೆ ಹಾಕು, ಸರಿ ಹೋಗುತ್ತೆ ಅಂತಾರೆ. ನನಗೇನೋ ಹಾಗನ್ನಿಸಲ್ಲ ಮೇಡಂ" ಎಂದರು.

ನೋಡಿದರೆ ಬರ್ನ್‌ಔಟ್ ಲಕ್ಷಣಗಳು ಎದ್ದು ಕಾಣುತ್ತಿದ್ದವು. ಸೆಪ್ಟೆಂಬರ್ 30ಕ್ಕೆ ಟ್ಯಾಕ್ಸ್ ಆಡಿಟ್ ಗಡುವು. ಅದಕ್ಕೆ ಮುಂಚಿನ ಆರು ವಾರ ದಿನಕ್ಕೆ ಐದು ಗಂಟೆಯೂ ನಿದ್ದೆ ಇರಲಿಲ್ಲ. ಆರ್ಟಿಕಲ್‌ಶಿಪ್, ಅಂದರೆ ಸಿಎ ತರಬೇತಿ, ಮಾಡುವ ಹುಡುಗರ ಮೇಲೆ ಸುಮ್ನೆ ರೇಗಿದ್ದರು. ಕ್ಲೈಂಟ್ ಫೋನ್ ಬಂದರೆ ಹೊಟ್ಟೆಯಲ್ಲಿ ಸಂಕಟ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ಪಟ್ಟಿಯಲ್ಲಿ ಬರ್ನ್‌ಔಟ್‌ಗೆ ಮೂರು ಗುರುತು ಹೇಳಿದೆ: ಶಕ್ತಿಯೆಲ್ಲ ಬಸಿದುಹೋದ ಸುಸ್ತು, ಕೆಲಸದ ಮೇಲೆ ಅಸಡ್ಡೆ ಅಥವಾ ಸಿನಿಕತನ, ಮತ್ತು 'ನನ್ನ ಕೈಲಿ ಏನೂ ಆಗುತ್ತಿಲ್ಲ' ಎಂಬ ಭಾವನೆ. ಅದನ್ನು ರೋಗ ಎಂದು ಕರೆದಿಲ್ಲ, ಕೆಲಸದ ಒತ್ತಡದಿಂದ ಬರುವ ಸ್ಥಿತಿ ಎಂದಿದೆ. ಸುಮನಾಗೆ ಮೊದಲ ಎರಡು ಧಾರಾಳವಾಗಿದ್ದವು. ಮೂರನೆಯದು ಇರಲಿಲ್ಲ. "ಕೆಲಸ ಚೆನ್ನಾಗೇ ಮಾಡ್ತೀನಿ. ಮಾಡಿ ಏನಾಗಬೇಕು ಅನ್ಸುತ್ತೆ, ಅಷ್ಟೇ" ಎಂದರು. ಈ ಮಾತನ್ನು ಬರೆದಿಟ್ಟುಕೊಂಡೆ.

ಆಮೇಲೆ ಕೇಳಿದ ಪ್ರಶ್ನೆ ಇದು: "ಗಡುವೆಲ್ಲ ಮುಗಿದ ಮೇಲೆ, ನವೆಂಬರ್‌ನಲ್ಲಿ ಹೇಗಿರುತ್ತೆ?"

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನವೆಂಬರ್ ಇನ್ನೂ ಕಷ್ಟ, ಮೇಡಂ. ಸೆಪ್ಟೆಂಬರ್‌ನಲ್ಲಿ ಯೋಚನೆ ಮಾಡೋಕೆ ಪುರುಸೊತ್ತೇ ಇರಲ್ಲ."

ಆಡಿಟ್ ಕೆಲಸದಲ್ಲಿ ಒಂದು ಅನುಕೂಲವಿದೆ, ಅದಕ್ಕೊಂದು ಸುಗ್ಗಿ, ಒಂದು ಬಿಡುವು ಇರುತ್ತದೆ. ಬರೀ ದಣಿವಾದರೆ ಹೊರೆ ಇಳಿದ ಕೆಲವು ವಾರಗಳಲ್ಲಿ ಕೆಲಸದ ಮೇಲಿನ ಆಸಕ್ತಿ ನಿಧಾನಕ್ಕೆ ಮರಳಬೇಕು. ಕೆಲಸವೇ ಒಗ್ಗದಿದ್ದರೆ ಬಿಡುವಿನಲ್ಲೇ ಖಾಲಿತನ ಜಾಸ್ತಿ ಕಾಣುತ್ತದೆ, ಏಕೆಂದರೆ ಮುಚ್ಚಿಡಲು ಗಡಿಬಿಡಿ ಇರುವುದಿಲ್ಲ. ಆದರೆ ಇದನ್ನು ಒಂದು ವಾರದ ಗೋವಾ ಪ್ರವಾಸದಿಂದ ಅಳೆಯಬಾರದು. ತುಂಬ ದಣಿದವರಿಗೆ ಒಂದು ವಾರ ನಿದ್ದೆಯ ಸಾಲ ತೀರಿಸುವುದಕ್ಕೇ ಸಾಲದು. ವಾಪಸ್ ಬಂದು "ರಜೆ ಹಾಕಿದರೂ ಸರಿಯಾಗಲಿಲ್ಲ, ಹಾಗಾದರೆ ಈ ವೃತ್ತಿಯೇ ತಪ್ಪು" ಎಂದುಕೊಳ್ಳುವವರನ್ನು ಬಹಳ ನೋಡಿದ್ದೇನೆ.

ಖಾಲಿತನಕ್ಕೆ ಮೂರನೆಯ ಕಾರಣವೂ ಇರಬಹುದು. ಖಿನ್ನತೆ ಇದ್ದರೆ ಕೆಲಸ ಮಾತ್ರವಲ್ಲ, ಎಲ್ಲವೂ ಸಪ್ಪೆ. ಹಾಗಾಗಿ ಮೊದಲು ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಕೊಟ್ಟೆ. 27ಕ್ಕೆ 8 ಬಂತು, ಅಂದರೆ ಸೌಮ್ಯ ಮಟ್ಟ. ಸಾಯುವ ಯೋಚನೆ ಕುರಿತ ಕೊನೆಯ ಪ್ರಶ್ನೆಗೆ ಸೊನ್ನೆ. ಅಕ್ಕನ ಮಕ್ಕಳ ಜೊತೆ ಇದ್ದಾಗ ನಗುತ್ತಾರೆ, ಬೆಳಗಿನ ನಡಿಗೆ ಬಿಟ್ಟಿಲ್ಲ. ಆದರೂ ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ನೋಡಿಸಲು ವೈದ್ಯರ ಹತ್ತಿರ ಕಳಿಸಿದೆ. ಹಿಮೋಗ್ಲೋಬಿನ್ 10ರ ಆಸುಪಾಸಿನಲ್ಲಿತ್ತು. ಸುಸ್ತಿನಲ್ಲಿ ಅದರ ಪಾಲೂ ಇತ್ತು ಎಂದಾಯಿತು. ವೈದ್ಯರು ಕಬ್ಬಿಣದ ಮಾತ್ರೆ ಬರೆದರು.

ಇನ್ನು ರಾಜೀನಾಮೆ. "ಹರಿದು ಹಾಕಬೇಡಿ, ಕಳಿಸಲೂ ಬೇಡಿ. ಜನವರಿ ಮಧ್ಯದವರೆಗೆ ಹಾಗೇ ಇರಲಿ" ಎಂದೆ. ದಣಿದ ತಲೆಗೆ ಬೇರೆ ಯಾವ ಕೆಲಸವೂ ಸ್ವರ್ಗದಂತೆ ಕಾಣುತ್ತದೆ. ತಿಂಡಿ ಅಂಗಡಿಯೂ ಹಾಗೇ. ಬೆಳಿಗ್ಗೆ ನಾಲ್ಕಕ್ಕೆ ಏಳಬೇಕಲ್ವಾ ಎಂದು ಕೇಳಿದಾಗ ಅವರೇ ನಕ್ಕರು. ಆ ಕನಸಿನಲ್ಲಿ ಯಾವುದು ಇಷ್ಟ ಎಂದು ಕೆದಕಿದರೆ ಅಡುಗೆ ಬರಲಿಲ್ಲ. "ನನ್ನ ಕಣ್ಣೆದುರು ಒಬ್ಬರಿಗೆ ಉಪಯೋಗ ಆಗುತ್ತೆ" ಎಂಬುದು ಬಂತು.

ಬಿಡುವು ನಿಜವಾದ ಬಿಡುವಾಗಬೇಕಲ್ಲ. ಹಾಗಾಗಿ ಎರಡು ಕ್ಲೈಂಟ್‌ಗಳನ್ನು ಸಹೋದ್ಯೋಗಿಗೆ ವಹಿಸಲು ಪಾರ್ಟ್ನರ್ ಹತ್ತಿರ ಮಾತಾಡಿದರು. ರಾತ್ರಿ ಎಂಟರ ನಂತರ ಮೇಲ್ ಇಲ್ಲ, ಭಾನುವಾರ ಲ್ಯಾಪ್‌ಟಾಪ್ ಇಲ್ಲ. ಜೊತೆಗೆ ಒಂದು ನೋಟ್‌ಬುಕ್. ದಿನಕ್ಕೆ ನಾಲ್ಕೈದು ಸಾಲು ಸಾಕು: ಯಾವ ಕೆಲಸ ಮಾಡಿದೆ, ಮುಗಿಸಿದಾಗ ಚೈತನ್ಯ ಹತ್ತಕ್ಕೆ ಎಷ್ಟು, ಮುಂದೇನಾಯಿತು ಎಂದು ತಿಳಿಯುವ ಕುತೂಹಲ ಹತ್ತಕ್ಕೆ ಎಷ್ಟು. ನಾನು ನಂಬುವುದು ಕುತೂಹಲದ ಕಾಲಮನ್ನು. ಚೈತನ್ಯ ನಿದ್ದೆಯ ಮೇಲೆ, ಊಟದ ಮೇಲೆ, ಟ್ರಾಫಿಕ್ ಮೇಲೆ ಏರಿಳಿಯುತ್ತದೆ.

ಇದೇ ನೋಟ್‌ಬುಕ್ ಬೇರೊಬ್ಬರಲ್ಲಿ ತಿರುವುಮುರುವು ಕಥೆ ಹೇಳಿತ್ತು. ಅವರು ಸಾಫ್ಟ್‌ವೇರ್‌ನವರು, ವೃತ್ತಿ ಬದಲಿಸಲೆಂದೇ ಬಂದಿದ್ದರು. ರಾತ್ರಿ ಪಾಳಿಯ ತುರ್ತು ಕರೆಗಳು ತಪ್ಪಿದ ಐದನೇ ವಾರದಲ್ಲಿ, ಯಾರೂ ಹೇಳದೆ, ಹಳೆಯ ಪ್ರೋಗ್ರಾಮಿನ ದೋಷ ಹುಡುಕುತ್ತಾ ಕೂತಿದ್ದರು. ಮೊದಲು ಕುತೂಹಲ 2 ಇದ್ದ ಕೆಲಸವೇ 7 ಆಗಿತ್ತು. ಅದು ದಣಿವು. ಅವರಿಗೆ ಬೇಕಿದ್ದದ್ದು ಬೇರೆ ತಂಡ.

ಸುಮನಾ ಡಿಸೆಂಬರ್ ಕೊನೆಯಲ್ಲಿ ಪುಸ್ತಕ ತಂದಾಗ ಚೈತನ್ಯದ ಕಾಲಂ 3ರಿಂದ 6ಕ್ಕೆ ಬಂದಿತ್ತು. ನಿದ್ದೆ ಏಳು ಗಂಟೆ. ರೇಗಾಟ ಹೋಗಿತ್ತು. ಆದರೆ ವೋಚರ್ ಪರಿಶೀಲನೆ, ಚೆಕ್‌ಲಿಸ್ಟ್, ವರ್ಕಿಂಗ್ ಪೇಪರ್ ಫೈಲ್ ಮಾಡುವುದು, ಇವುಗಳ ಮುಂದೆ ಕುತೂಹಲ 2, ಮತ್ತೆ 2, ಮತ್ತೆ 1. ನಡುವೆ ಎರಡು ಕಡೆ 8. ಒಮ್ಮೆ ಆರ್ಟಿಕಲ್ ಹುಡುಗಿಗೆ ಡಿಫರ್ಡ್ ಟ್ಯಾಕ್ಸ್ ಬಿಡಿಸಿ ಹೇಳಿದ್ದು. ಇನ್ನೊಮ್ಮೆ ಮಸಾಲೆ ಪುಡಿ ತಯಾರಿಸುವ ಕ್ಲೈಂಟ್ ಒಬ್ಬರು "ಲಾಭ ಇದೆ ಅಂತೀರಿ, ಬ್ಯಾಂಕಿನಲ್ಲಿ ದುಡ್ಡೆಲ್ಲಿ?" ಎಂದು ಕೇಳಿದಾಗ ಕೂತು ಹುಡುಕಿದ್ದು. ಅಂಗಡಿಗಳಿಗೆ ಕೊಟ್ಟ ಉದ್ರಿ ಮತ್ತು ಗೋದಾಮಿನ ಮೆಣಸಿನಕಾಯಿಯಲ್ಲಿ ದುಡ್ಡು ಕೂತಿತ್ತು. ಅವರು ಉದ್ರಿಯ ಅವಧಿ ಇಳಿಸಿದರೋ ಇಲ್ಲವೋ ಎಂದು ಸುಮನಾ ಮೂರು ವಾರ ಯೋಚಿಸಿದ್ದರು.

"ಅದನ್ನೇ ಜಾಸ್ತಿ ಮಾಡಬಹುದಲ್ವಾ?" ಎಂದೆ. "ಆಗಲ್ಲ ಮೇಡಂ. ನಾವು ಆಡಿಟ್ ಮಾಡೋ ಕಂಪನಿಗೇ ಮ್ಯಾನೇಜ್‌ಮೆಂಟ್ ಸೇವೆ ಕೊಡೋ ಹಾಗಿಲ್ಲ, ಕಂಪನಿ ಕಾಯ್ದೆ 144ನೇ ಸೆಕ್ಷನ್" ಎಂದರು. ಅಲ್ಲಿಗೆ ಚಿತ್ರ ತಿಳಿಯಾಯಿತು. ಮೇಲಿನ ಪದರ ದಣಿವು, ಅದು ಹೋಯಿತು. ಕೆಳಗಿನದು ಕೆಲಸದ ಸ್ವರೂಪದ್ದೇ, ಅದು ಉಳಿಯಿತು. ಆದರೆ ಒಗ್ಗದಿದ್ದದ್ದು ಲೆಕ್ಕಪತ್ರವಲ್ಲ. ಬೇರೆಯವರು ಮಾಡಿ ಮುಗಿಸಿದ್ದನ್ನು ವರ್ಷದ ಕೊನೆಗೆ ಪರೀಕ್ಷಿಸುವ ಸ್ಥಾನ ಒಗ್ಗಿರಲಿಲ್ಲ.

ಕೊಟ್ಟ ಸಲಹೆ ದೊಡ್ಡದೇನಲ್ಲ. ಕಂಪನಿಯೊಳಗೆ ಹಣಕಾಸು ನೋಡುವ ಮೂವರನ್ನು ಭೇಟಿಯಾಗಿ, ಅವರ ಕಳೆದ ಮಂಗಳವಾರ ಹೇಗೆ ಹೋಯಿತು ಎಂದು ಗಂಟೆ ಗಂಟೆಯ ಲೆಕ್ಕ ಕೇಳುವುದು. ಆಫೀಸಿನ ಒಪ್ಪಿಗೆ ಪಡೆದು ಆರು ಭಾನುವಾರ ಸಿಎ ವಿದ್ಯಾರ್ಥಿಗಳಿಗೆ ಪಾಠ. ಮನೆ ಸಾಲದ ಕಂತು ಸೇರಿಸಿ ಎಂಟು ತಿಂಗಳ ಖರ್ಚು ಬೇರೆ ಖಾತೆಯಲ್ಲಿ. ಎಷ್ಟು ಕಡಿಮೆ ಸಂಬಳ ತಾಳಿಕೊಳ್ಳಬಹುದು ಎಂಬುದನ್ನು ಸಂದರ್ಶನಕ್ಕೆ ಮುಂಚೆಯೇ ಬರೆದಿಡುವುದು.

ಪಾಠ ನಾಲ್ಕನೇ ಭಾನುವಾರಕ್ಕೆ ಬೇಸರ ತಂದಿತು. ಅದೇ ಅಧ್ಯಾಯ ಮತ್ತೆ ಮತ್ತೆ ಹೇಳುವುದು ಅವರಿಗೆ ಆಗದು, ನಿಲ್ಲಿಸಿದರು. ಜುಲೈನಲ್ಲಿ ಒಂದು ಆಹಾರ ತಯಾರಿಕಾ ಕಂಪನಿಯ ಹಣಕಾಸು ವಿಭಾಗ ಸೇರಿದರು, ಸಂಬಳ ಕಾಲು ಭಾಗ ಕಡಿಮೆ. ಅಲ್ಲೂ ತಿಂಗಳ ಕೊನೆಗೆ ಲೆಕ್ಕ ಮುಗಿಸುವ ಒದ್ದಾಟವಿದೆ, ಸುಸ್ತೂ ಇದೆ. ನೋಟ್‌ಬುಕ್ ಇನ್ನೂ ಬರೆಯುತ್ತಾರೆ. ಸಂಬಳ ಇಳಿದ ವಿಷಯ ಅಪ್ಪನಿಗೆ ಇನ್ನೂ ಹೇಳಿಲ್ಲವಂತೆ. ಮುಂದಿನ ಭೇಟಿ ಅದರ ಬಗ್ಗೆ.