ಆರ್‌ಎಫ್ ಪಾಸಿಟಿವ್ ಇದ್ದರೂ ಉತ್ತರ ಲೂಪಸ್ ಏಕೆ?

ಪ್ರಶ್ನೆ: ತೀರ್ಥಹಳ್ಳಿ ಕಡೆಯ, ಅಡಿಕೆ ಸುಲಿಯುವ 28ರ ಹೆಂಗಸಿಗೆ ಗಂಟುನೋವು, ಬೆರಳುಗಳು ವಾರೆ, ರಕ್ತದಲ್ಲಿ ರುಮಟಾಯ್ಡ್ ಫ್ಯಾಕ್ಟರ್ ಎಂಬ ಪ್ರತಿಕಾಯ, ಅಂದರೆ ಆರ್‌ಎಫ್, ಪಾಸಿಟಿವ್, ಎಕ್ಸ್‌ರೇಯಲ್ಲಿ ಮೂಳೆ ಸವೆದಿಲ್ಲ. ಆಯ್ಕೆಗಳು ರುಮಟಾಯ್ಡ್ ಸಂಧಿವಾತ, ರೋಗನಿರೋಧಕ ಶಕ್ತಿ ಸ್ವಂತ ದೇಹದ ಹಲವು ಅಂಗಗಳ ಮೇಲೆ ತಿರುಗಿಬೀಳುವ ಲೂಪಸ್, ಯೂರಿಕ್ ಆಮ್ಲದ ಹರಳುಗಳಿಂದ ಬರುವ ಗೌಟ್. ಲೂಪಸ್ ಹೇಗೆ ಸರಿ?

ಉತ್ತರ: ಆರ್‌ಎಫ್ ಇಲ್ಲಿ ಹಾಕಿರುವ ಗಾಳ. ಅದು ಲೂಪಸ್‌ನಲ್ಲಿಯೂ, ಹೆಪಟೈಟಿಸ್ ಸಿ ಸೋಂಕಿನಲ್ಲಿಯೂ, ಕೆಲವು ಆರೋಗ್ಯವಂತ ವೃದ್ಧರಲ್ಲಿಯೂ ಕಾಣಿಸಿಕೊಳ್ಳುವುದರಿಂದ ಅದೊಂದನ್ನೇ ನಂಬಿ ರುಮಟಾಯ್ಡ್ ಎಂದು ಗುರುತು ಹಾಕುವಂತಿಲ್ಲ.

ನಿರ್ಣಾಯಕವಾದದ್ದು ಕೈಯ ಪರೀಕ್ಷೆ. ಅಂಗೈಯನ್ನು ಮೇಜಿನ ಮೇಲೆ ಊರಿ ಮೆಲ್ಲನೆ ಒತ್ತಿದಾಗ ವಾರೆಯಾದ ಬೆರಳುಗಳು ನೇರವಾಗಿ, ಕೈ ಎತ್ತಿದೊಡನೆ ಮತ್ತೆ ವಾಲಿದರೆ, ಸಡಿಲಗೊಂಡಿರುವುದು ಕೀಲಿನ ಸುತ್ತಲಿನ ಲಿಗಮೆಂಟುಗಳೇ ಹೊರತು ಮೂಳೆ ಕೊರೆದುಹೋಗಿಲ್ಲ. ಇದನ್ನು ಜಾಕೂ ಆರ್ಥ್ರೋಪತಿ ಎನ್ನುತ್ತಾರೆ. ಇಷ್ಟೇ ವಾರೆಯಾದ ರುಮಟಾಯ್ಡ್ ಕೈಯಲ್ಲಿ ಸಾಮಾನ್ಯವಾಗಿ ಕೀಲಿನ ಅಂಚಿನ ಮೂಳೆ ಸವೆದಿರುತ್ತದೆ, ಕ್ರಮೇಣ ವಿಕಾರ ಹಾಗೆಯೇ ನಿಂತುಬಿಡುತ್ತದೆ.

ರಕ್ತದ ವರದಿಯಲ್ಲಿ ಆಂಟಿ-ಸಿಸಿಪಿ ಎಂಬ ಪ್ರತಿಕಾಯ ಇದ್ದರೆ ರುಮಟಾಯ್ಡ್ ಕಡೆ ವಾಲಬೇಕು, ಅದರ ನಿರ್ದಿಷ್ಟತೆ ಸುಮಾರು 95%. ಜೀವಕೋಶದ ಕೇಂದ್ರದ ವಿರುದ್ಧದ ಪ್ರತಿಕಾಯವಾದ ಎಎನ್‌ಎ ನೆಗೆಟಿವ್ ಆದರೆ ಲೂಪಸ್ ಬಹುತೇಕ ದೂರವಾಗುತ್ತದೆ, ಆದರೆ ಪಾಸಿಟಿವ್ ಮಾತ್ರದಿಂದ ಅದು ಖಚಿತವಾಗುವುದಿಲ್ಲ. ಖಚಿತಪಡಿಸುವವು ಆಂಟಿ-ಡಿಎಸ್‌ಡಿಎನ್‌ಎ ಮತ್ತು ಆಂಟಿ-ಸ್ಮಿತ್ ಪ್ರತಿಕಾಯಗಳು. ಇವುಗಳಲ್ಲಿ ಮೊದಲನೆಯದು ಏರಿ, ಕಾಂಪ್ಲಿಮೆಂಟ್ ಪ್ರೋಟೀನುಗಳಾದ ಸಿ3, ಸಿ4 ಇಳಿದಿದ್ದರೆ, ಮೂತ್ರಪಿಂಡಕ್ಕೂ ಪೆಟ್ಟು ಬಿದ್ದಿರಬಹುದಾದ್ದರಿಂದ ಮೂತ್ರದಲ್ಲಿ ಪ್ರೋಟೀನ್ ನೋಡದೆ ಬಿಡಬಾರದು. ರುಮಟಾಯ್ಡ್, ಲೂಪಸ್ ಎರಡೂ ಒಬ್ಬರಲ್ಲೇ ಇರುವ ಅಪರೂಪದ 'ರೂಪಸ್' ಪ್ರಶ್ನೆಪತ್ರಿಕೆಯಲ್ಲಿ ವಿರಳ.

ಗೌಟ್‌ಗೆ ಸ್ವಂತ ದೇಹದ ವಿರುದ್ಧ ಹುಟ್ಟುವ ಪ್ರತಿಕಾಯ, ಅಂದರೆ ಆಟೋಆಂಟಿಬಾಡಿಯೇ ಇಲ್ಲ, ಮುಟ್ಟು ನಿಲ್ಲದ ಹೆಂಗಸರಲ್ಲಿ ಅದು ಅಪರೂಪ. ನೋವು ಉಲ್ಬಣಿಸಿದಾಗ ಯೂರಿಕ್ ಆಮ್ಲ ಸಹಜವಾಗಿಯೂ ಇರಬಹುದಾದ್ದರಿಂದ, ಕೀಲಿನ ದ್ರವದಲ್ಲಿ ಸೂಜಿಯಾಕಾರದ ಹರಳು ಕಂಡರೆ ಮಾತ್ರ ಅದನ್ನು ಖಚಿತವಾಗಿ ಆರಿಸಬಹುದು.